ಒಂದೇ ಯಂತ್ರಕ್ಕೆ ಎರಡು ಸವಕಳಿ: ಮುಂದೂಡಿದ ತೆರಿಗೆ ಹುಟ್ಟುವುದು ಎಲ್ಲಿ?

ಕಂಪನಿಯ ಬ್ಯಾಲೆನ್ಸ್ ಶೀಟಿನಲ್ಲಿ ‘ಮುಂದೂಡಿದ ತೆರಿಗೆ ಹೊಣೆ’ ಎಂಬ ಸಾಲು ಕಂಡಾಗ ಮಾಲೀಕರು ಸಾಮಾನ್ಯವಾಗಿ ಕೇಳುವ ಪ್ರಶ್ನೆ ಒಂದೇ: ಯಾರಿಗೆ ಕೊಡಬೇಕಾದ ಹಣ ಇದು, ಕೊನೆಯ ದಿನಾಂಕ ಯಾವುದು? ಇದಕ್ಕೆ ಚಲನ್ ಇಲ್ಲ, ನೋಟಿಸ್ ಇಲ್ಲ, ಕೊನೆಯ ದಿನಾಂಕವೂ ಇಲ್ಲ. ಲಾಭ ಲೆಕ್ಕ ಹಾಕಲು ಕಂಪನಿ ಕಾಯ್ದೆ ಒಂದು ದಾರಿ ಹೇಳುತ್ತದೆ, ತೆರಿಗೆ ಕಾಯ್ದೆ ಇನ್ನೊಂದು ದಾರಿ ಹೇಳುತ್ತದೆ. ಎರಡರ ನಡುವಿನ ಅಂತರದ ಮೇಲೆ ಮುಂದೊಂದು ದಿನ ಬೀಳುವ ತೆರಿಗೆಯನ್ನು ಇವತ್ತೇ ಗುರುತು ಹಾಕಿಡುವುದು, ಅಷ್ಟೇ. ಈ ಅಂತರಕ್ಕೆ ಅತಿ ಸಾಮಾನ್ಯ ಕಾರಣ ಸವಕಳಿ.

ಮಂಡ್ಯ ಹತ್ತಿರದ ತೂಬಿನಕೆರೆ ಕೈಗಾರಿಕಾ ಪ್ರದೇಶದಲ್ಲಿ ಬೆಲ್ಲದ ಪುಡಿ ಮಾಡುವ ಒಂದು ಪ್ರೈವೇಟ್ ಲಿಮಿಟೆಡ್ ಕಂಪನಿ ಇದೆ ಎಂದುಕೊಳ್ಳೋಣ. 60 ಲಕ್ಷ ರೂಪಾಯಿ ಯಂತ್ರೋಪಕರಣ ಹಾಕಿ 2023ರ ಏಪ್ರಿಲ್ 1ರಂದು ಕೆಲಸ ಶುರು ಮಾಡಿದೆ. ಕಂಪನಿ ಎಂದು ಒತ್ತಿ ಹೇಳುವುದಕ್ಕೆ ಕಾರಣವಿದೆ. ಮಂಡ್ಯ, ಮದ್ದೂರು ಕಡೆಯ ಆಲೆಮನೆ, ಅಕ್ಕಿ ಗಿರಣಿಗಳಲ್ಲಿ ಹಲವು ಪಾಲುದಾರಿಕೆ ಸಂಸ್ಥೆಗಳು ಅಥವಾ ಒಬ್ಬರದೇ ಮಾಲೀಕತ್ವದವು. ಅಂಥವರಲ್ಲಿ ಪುಸ್ತಕದಲ್ಲೂ ಆದಾಯ ತೆರಿಗೆ ದರದಲ್ಲೇ ಸವಕಳಿ ಬರೆಯುವ ರೂಢಿ ಇದೆ. ಎರಡೂ ಕಡೆ ಒಂದೇ ಅಂಕಿ ಇದ್ದರೆ ಅಂತರವೇ ಹುಟ್ಟುವುದಿಲ್ಲ. ಅದೇ ಸಂಸ್ಥೆ ಕಂಪನಿಯಾಗಿ ಬದಲಾದ ವರ್ಷ ಈ ಸಾಲು ಮೊದಲ ಬಾರಿ ಕಾಣಿಸಿಕೊಳ್ಳುತ್ತದೆ. ಎಷ್ಟೇ ಚಿಕ್ಕ ಕಂಪನಿಯಾದರೂ ಮುಂದೂಡಿದ ತೆರಿಗೆಯನ್ನು ಬರೆಯಲು ಹೇಳುವ ಲೆಕ್ಕಪತ್ರ ಮಾನದಂಡ 22ರಿಂದ ವಿನಾಯಿತಿ ಇಲ್ಲ. ಸಣ್ಣ ಮತ್ತು ಮಧ್ಯಮ ಕಂಪನಿಗಳಿಗೆ ಬೇರೆ ಕೆಲವು ಮಾನದಂಡಗಳಲ್ಲಿ ಸಿಗುವ ರಿಯಾಯಿತಿ ಇಲ್ಲಿ ಸಿಗುವುದಿಲ್ಲ.

ಕಂಪನಿ ಕಾಯ್ದೆ 2013ರ ಎರಡನೇ ಅನುಸೂಚಿ ದರ ಹೇಳುವುದಿಲ್ಲ, ಆಯಸ್ಸು ಹೇಳುತ್ತದೆ. ಸಾಮಾನ್ಯ ಯಂತ್ರಕ್ಕೆ 15 ವರ್ಷ. ಕೊನೆಗೆ ಉಳಿಯುವ ಗುಜರಿ ಬೆಲೆ ಮೂಲ ಬೆಲೆಯ ಶೇ. 5ನ್ನು ಸಾಮಾನ್ಯವಾಗಿ ಮೀರಬಾರದು. ಸಮಾನ ಕಂತಿನ ವಿಧಾನ, ಅಂದರೆ ಸ್ಟ್ರೈಟ್ ಲೈನ್ ಹಿಡಿದರೆ, 60 ಲಕ್ಷದಲ್ಲಿ 3 ಲಕ್ಷ ಕಳೆದು ಉಳಿದ 57 ಲಕ್ಷವನ್ನು 15ರಿಂದ ಭಾಗಿಸಬೇಕು. ವರ್ಷಕ್ಕೆ 3,80,000 ರೂಪಾಯಿ ಸವಕಳಿ.

ಆದಾಯ ತೆರಿಗೆಯವರಿಗೆ ಆಯಸ್ಸು ಬೇಕಿಲ್ಲ. ಒಂದೇ ದರದ ಯಂತ್ರಗಳೆಲ್ಲ ಒಂದೇ ಗುಂಪು, ಅದಕ್ಕೆ ಬ್ಲಾಕ್ ಎನ್ನುತ್ತಾರೆ. ಸಾಮಾನ್ಯ ಯಂತ್ರಗಳ ಬ್ಲಾಕಿಗೆ ಶೇ. 15, ಅದೂ ವರ್ಷವರ್ಷ ಇಳಿಯುವ ಬಾಕಿಯ ಮೇಲೆ. ಮೊದಲ ವರ್ಷ 9,00,000, ಎರಡನೇ ವರ್ಷ ಉಳಿದ 51 ಲಕ್ಷದ ಮೇಲೆ 7,65,000, ಹೀಗೆ ಇಳಿಯುತ್ತಾ ಹೋಗುತ್ತದೆ. 2026ರ ಏಪ್ರಿಲ್ 1ರಿಂದ 1961ರ ಕಾಯ್ದೆಯ ಜಾಗಕ್ಕೆ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಬಂದು ಸೆಕ್ಷನ್ ಸಂಖ್ಯೆಗಳು ಬದಲಾಗಿವೆ. ಬ್ಲಾಕ್ ಪದ್ಧತಿ ಮಾತ್ರ ಮುಂದುವರಿದಿದೆ.

ಈಗ ಮೊದಲ ವರ್ಷ, 2023-24. ಸವಕಳಿ ಕಳೆಯುವ ಮುಂಚಿನ ಲಾಭ 20 ಲಕ್ಷ ಇರಲಿ. ಪುಸ್ತಕದ ಲಾಭ 16,20,000. ತೆರಿಗೆಗೆ ಒಳಪಡುವ ಆದಾಯ 11,00,000. ಕಂಪನಿ 1961ರ ಕಾಯ್ದೆಯ ಸೆಕ್ಷನ್ 115ಬಿಎಎ ಕೊಡುವ ಕಡಿಮೆ ದರವನ್ನು ಆಯ್ಕೆ ಮಾಡಿಕೊಂಡಿದೆ. ಶೇ. 22 ಮೂಲ ತೆರಿಗೆ, ಅದರ ಮೇಲೆ ಶೇ. 10 ಸರ್ಚಾರ್ಜ್, ಅವೆರಡರ ಮೇಲೆ ಶೇ. 4 ಸೆಸ್ ಸೇರಿ ದರ ಶೇ. 25.168 ಆಗುತ್ತದೆ. ಕಟ್ಟಬೇಕಾದ ತೆರಿಗೆ 2,76,848.

ಇಷ್ಟನ್ನೇ ಲಾಭ ನಷ್ಟದ ಪಟ್ಟಿಯಲ್ಲಿ ತೋರಿಸಿದರೆ 16.2 ಲಕ್ಷ ಲಾಭಕ್ಕೆ ತೆರಿಗೆ ಸುಮಾರು ಶೇ. 17 ಮಾತ್ರ ಎಂದು ಕಾಣುತ್ತದೆ. ಅದು ಸರ್ಕಾರ ಕೊಟ್ಟ ಮಾಫಿ ಅಲ್ಲ. ಈ ವರ್ಷ ಯಂತ್ರದ ಬೆಲೆಯಲ್ಲಿ 5,20,000 ರೂಪಾಯಿಯನ್ನು ತೆರಿಗೆ ಲೆಕ್ಕದಲ್ಲಿ ಮುಂಚಿತವಾಗಿ ಕಳೆದುಕೊಂಡದ್ದರ ಫಲ. ಮುಂದೆ ಅಷ್ಟು ಕಳೆಯಲು ಉಳಿದಿರುವುದಿಲ್ಲ. ಆದ್ದರಿಂದ 5,20,000ದ ಶೇ. 25.168, ಅಂದರೆ 1,30,874 ರೂಪಾಯಿಯನ್ನು ಮುಂದೂಡಿದ ತೆರಿಗೆ ವೆಚ್ಚದ ಖಾತೆಗೆ ಡೆಬಿಟ್, ಮುಂದೂಡಿದ ತೆರಿಗೆ ಹೊಣೆ ಖಾತೆಗೆ ಕ್ರೆಡಿಟ್ ಮಾಡಬೇಕು. ಆಡಿಟರ್‌ಗಳ ಬಾಯಲ್ಲಿ ಈ ಹೊಣೆಯೇ ಡಿಟಿಎಲ್.

ಎರಡೂ ಸೇರಿದರೆ ಒಟ್ಟು ತೆರಿಗೆ ವೆಚ್ಚ 4,07,722. ಪುಸ್ತಕದ ಲಾಭ 16,20,000ಕ್ಕೆ ನೇರವಾಗಿ ಶೇ. 25.168 ಹಾಕಿ ನೋಡಿ, ಅದೇ ಅಂಕಿ ಬರುತ್ತದೆ. ಪ್ರತಿ ವರ್ಷ ಕೊನೆಗೆ ಮಾಡಲೇಬೇಕಾದ ತಾಳೆ ಇದು. ದಂಡದಂಥ, ಯಾವತ್ತೂ ತೆರಿಗೆಯಲ್ಲಿ ಒಪ್ಪಿಗೆಯಾಗದ ಖರ್ಚು ಏನಾದರೂ ಇದ್ದರೆ ಅದರ ಮೇಲಿನ ತೆರಿಗೆಯಷ್ಟು ವ್ಯತ್ಯಾಸ ಉಳಿಯುತ್ತದೆ. ಅದನ್ನು ಮೀರಿದ ವ್ಯತ್ಯಾಸ ಕಂಡರೆ ಲೆಕ್ಕದಲ್ಲಿ ಎಲ್ಲೋ ತಪ್ಪಿದೆ.

ಎರಡನೇ ವರ್ಷಕ್ಕೆ ಬರುವಾಗ ಲೆಕ್ಕ ಮಾಡುವ ದಾರಿಯನ್ನೇ ಸ್ವಲ್ಪ ಬದಲಿಸುವುದು ಒಳ್ಳೆಯದು. ಆ ವರ್ಷದ ಎರಡು ಸವಕಳಿಗಳ ವ್ಯತ್ಯಾಸ ಹಿಡಿದು ಅದರ ಮೇಲೆ ತೆರಿಗೆ ಹಾಕಿ ಎಂಟ್ರಿ ಹೊಡೆಯುವುದು ಬಹಳ ಕಡೆ ನಡೆದುಕೊಂಡು ಬಂದಿರುವ ಅಭ್ಯಾಸ. ಅದರ ಬದಲು ಮಾರ್ಚ್ 31ರ ಬಾಕಿಗಳನ್ನು ಪಕ್ಕಪಕ್ಕ ಇಡಿ. 2025ರ ಮಾರ್ಚ್ 31ಕ್ಕೆ ಪುಸ್ತಕದಲ್ಲಿ ಯಂತ್ರದ ಬೆಲೆ 52,40,000, ತೆರಿಗೆ ಬ್ಲಾಕಿನಲ್ಲಿ 43,35,000. ಅಂತರ 9,05,000. ಅದರ ಮೇಲಿನ ತೆರಿಗೆ 2,27,770. ಬ್ಯಾಲೆನ್ಸ್ ಶೀಟಿನಲ್ಲಿ ಇರಬೇಕಾದ ಡಿಟಿಎಲ್ ಇಷ್ಟು. ಕಳೆದ ವರ್ಷವೇ 1,30,874 ಇದೆಯಾದ್ದರಿಂದ ಈ ವರ್ಷದ ಎಂಟ್ರಿ 96,896. ಎಕ್ಸೆಲ್‌ನಲ್ಲಿ ಪುಸ್ತಕದ ಬಾಕಿ ಸಿ ಕಾಲಮ್ಮಿನಲ್ಲೂ ತೆರಿಗೆ ಬಾಕಿ ಡಿ ಕಾಲಮ್ಮಿನಲ್ಲೂ ಇದ್ದರೆ ಸೂತ್ರ ಇಷ್ಟೇ:

```
=(C2-D2)*25.168%
```

ಉತ್ತರ ಧನವಾಗಿದ್ದರೆ ಹೊಣೆ, ಋಣವಾಗಿದ್ದರೆ ಆಸ್ತಿ. ಪುಸ್ತಕದ ಬಾಕಿ ಹೆಚ್ಚು ಉಳಿದಿದ್ದರೆ ತೆರಿಗೆಯಲ್ಲಿ ಬೇಗ ಕಳೆದುಕೊಂಡಿದ್ದೇವೆ, ಮುಂದೆ ಕಟ್ಟಬೇಕು. ತೆರಿಗೆ ಬಾಕಿ ಹೆಚ್ಚು ಉಳಿದಿದ್ದರೆ ಮುಂದೆ ಕಳೆದುಕೊಳ್ಳುವ ಹಕ್ಕು ಇನ್ನೂ ನಮ್ಮ ಕೈಯಲ್ಲಿದೆ.

ಈ ಹೊಣೆ ಏರುತ್ತಲೇ ಹೋಗುವುದಿಲ್ಲ. ಆರನೇ ವರ್ಷದವರೆಗೆ ತೆರಿಗೆ ಸವಕಳಿ ಪುಸ್ತಕದ 3,80,000ಕ್ಕಿಂತ ಹೆಚ್ಚಿರುತ್ತದೆ. ಆರನೇ ವರ್ಷದ ಕೊನೆಗೆ ಬಾಕಿಗಳ ಅಂತರ 14,57,103 ಆಗಿ ಡಿಟಿಎಲ್ 3,66,724 ತಲುಪುತ್ತದೆ. ಏಳನೇ ವರ್ಷ ತೆರಿಗೆ ಸವಕಳಿ 3,39,435ಕ್ಕೆ ಇಳಿದು ಪುಸ್ತಕದ್ದಕ್ಕಿಂತ ಕಡಿಮೆಯಾಗುತ್ತದೆ. ಆ ವರ್ಷ ಡಿಟಿಎಲ್‌ನಿಂದ 10,210 ರೂಪಾಯಿ ವಾಪಸು ಲಾಭ ನಷ್ಟದ ಪಟ್ಟಿಗೆ ಬರುತ್ತದೆ. ಅಂದರೆ ಕಟ್ಟುವ ತೆರಿಗೆ ಹೆಚ್ಚು, ತೋರಿಸುವ ವೆಚ್ಚ ಅದಕ್ಕಿಂತ ಕಡಿಮೆ. ಹದಿನೈದನೇ ವರ್ಷದ ಕೊನೆಗೆ ಒಂದು ಸೋಜಿಗವಿದೆ. ಪುಸ್ತಕದಲ್ಲಿ ಗುಜರಿ ಬೆಲೆ 3 ಲಕ್ಷ ಮಾತ್ರ ಉಳಿದರೆ ತೆರಿಗೆ ಬಾಕಿ 5,24,125 ಇನ್ನೂ ಉಳಿದಿರುತ್ತದೆ, ಏಕೆಂದರೆ ಇಳಿಯುವ ಬಾಕಿಯ ಶೇ. 15 ಎಂದೂ ಸೊನ್ನೆ ಮುಟ್ಟುವುದಿಲ್ಲ. ಹೊಣೆಯಾಗಿ ಹುಟ್ಟಿದ್ದು ಕೊನೆಯ ವರ್ಷ ಆಸ್ತಿಯಾಗಿ ತಿರುಗಿರುತ್ತದೆ.

ಇಲ್ಲಿಯವರೆಗೆ ಹೇಳಿದ್ದು ಪಠ್ಯಪುಸ್ತಕದಲ್ಲಿ ಸಿಗುವ ಚಿತ್ರ. ನಿಜವಾದ ಗೊಂದಲ ಇರುವುದು ಮುಂದೆ. ಮೈಸೂರು ಮಂಡ್ಯ ಕಡೆಯ ಸಣ್ಣ ಕಂಪನಿಗಳಲ್ಲಿ ಪುಸ್ತಕದಲ್ಲೂ ಇಳಿಯುವ ಬಾಕಿ ವಿಧಾನ ಹಿಡಿದವರು ಬೇಕಾದಷ್ಟಿದ್ದಾರೆ. ಅದು ತಪ್ಪೂ ಅಲ್ಲ, ಕಂಪನಿ ಕಾಯ್ದೆ ಎರಡು ವಿಧಾನವನ್ನೂ ಒಪ್ಪುತ್ತದೆ. ಆದರೆ ಆಯಸ್ಸಿನಿಂದ ದರ ಹೊರತೆಗೆದಾಗ ದಿಕ್ಕೇ ತಿರುಗುತ್ತದೆ. 15 ವರ್ಷದಲ್ಲಿ ಶೇ. 5ಕ್ಕೆ ಇಳಿಸುವ ದರ ಬೇಕಾದರೆ:

```
=1-0.05^(1/15)
```

ಉತ್ತರ ಶೇ. 18.10. ತೆರಿಗೆಯ ಶೇ. 15ಕ್ಕಿಂತ ಇದು ಹೆಚ್ಚು. ಅದೇ 60 ಲಕ್ಷದ ಯಂತ್ರಕ್ಕೆ ಮೊದಲ ವರ್ಷ ಪುಸ್ತಕದಲ್ಲಿ 10,86,000 ಸವಕಳಿ, ತೆರಿಗೆಯಲ್ಲಿ 9,00,000. ಈಗ ಪುಸ್ತಕದ ಬಾಕಿ 49,14,000, ತೆರಿಗೆ ಬಾಕಿ 51,00,000. ಅಂತರ 1,86,000 ತೆರಿಗೆ ಕಡೆಗೆ. ಹುಟ್ಟುವುದು 46,812 ರೂಪಾಯಿಯ ಮುಂದೂಡಿದ ತೆರಿಗೆ ಆಸ್ತಿ, ಅಂದರೆ ಡಿಟಿಎ. ಎರಡನೇ ವರ್ಷದ ಕೊನೆಗೆ ಅದು 78,130. ಯಂತ್ರ ಅದೇ, ದಿನಾಂಕ ಅದೇ, ತೆರಿಗೆಯೂ ಅದೇ. ಒಬ್ಬರ ಬ್ಯಾಲೆನ್ಸ್ ಶೀಟಿನಲ್ಲಿ 2,27,770 ಹೊಣೆ, ಇನ್ನೊಬ್ಬರದರಲ್ಲಿ 78,130 ಆಸ್ತಿ. ‘ಯಂತ್ರ ಕೊಂಡರೆ ಡಿಟಿಎಲ್ ಬರುತ್ತದೆ’ ಎಂದು ಬಾಯಿಪಾಠ ಮಾಡಿಕೊಂಡು ಚಿಹ್ನೆ ನೋಡದೆ ಎಂಟ್ರಿ ಹಾಕುವವರು ಎಡವುವುದು ಇಲ್ಲೇ.

ಕಂಪ್ಯೂಟರ್ ಮತ್ತು ಪೀಠೋಪಕರಣಗಳ ವಿಷಯ ಇನ್ನೂ ಸ್ಪಷ್ಟ. ಇಳಿಯುವ ಬಾಕಿ ವಿಧಾನದಲ್ಲಿ 3 ವರ್ಷ ಆಯಸ್ಸಿನ ಕಂಪ್ಯೂಟರಿಗೆ ಪುಸ್ತಕದ ದರ ಶೇ. 63.16, ತೆರಿಗೆ ದರ ಶೇ. 40. ಪೀಠೋಪಕರಣಕ್ಕೆ ಪುಸ್ತಕದಲ್ಲಿ ಶೇ. 25.89, ತೆರಿಗೆಯಲ್ಲಿ ಶೇ. 10. ಎರಡೂ ಆಸ್ತಿ ಕಡೆಗೇ ವಾಲುತ್ತವೆ. 30 ವರ್ಷದ ಕಾರ್ಖಾನೆ ಕಟ್ಟಡದಲ್ಲಿ ಶೇ. 9.50 ಮತ್ತು 10, ಹೆಚ್ಚುಕಡಿಮೆ ಸಮ. ಹೀಗೆ ಒಂದೊಂದು ಬ್ಲಾಕಿನಲ್ಲಿ ಒಂದೊಂದು ದಿಕ್ಕು ಬಂದರೂ ಒಂದೇ ತೆರಿಗೆ ಕಾನೂನಿನ ಅಡಿ ಬರುವುದರಿಂದ ಕೂಡಿ ಕಳೆದು, ಚಾಲ್ತಿಯಲ್ಲದ ಶೀರ್ಷಿಕೆಯ ಕೆಳಗೆ ನಿವ್ವಳ ಸಾಲು ಒಂದನ್ನೇ ತೋರಿಸುತ್ತಾರೆ. ಒಳಗಿನ ವಿಂಗಡಣೆ ಟಿಪ್ಪಣಿಯಲ್ಲಿರುತ್ತದೆ.

ಮತ್ತೆ ಸ್ಟ್ರೈಟ್ ಲೈನ್ ಹಿಡಿದ ಮೊದಲ ಕಂಪನಿಗೆ ಬರೋಣ. ಮಾರ್ಚ್ 31ರ ಬಾಕಿಗಳನ್ನು ಹೋಲಿಸಿ ಎಂದು ಹೇಳಿದ್ದು ಯಾಕೆ ಎಂಬುದು ಯಂತ್ರ ಮಾರಿದ ವರ್ಷ ಗೊತ್ತಾಗುತ್ತದೆ. 60 ಲಕ್ಷದೊಳಗೆ 6 ಲಕ್ಷದ್ದು ಒಂದು ಪ್ಯಾಕಿಂಗ್ ಯಂತ್ರ. ಅದನ್ನು 2025ರ ಏಪ್ರಿಲ್ 1ರಂದು 4 ಲಕ್ಷಕ್ಕೆ ಮಾರಿದರು. ಪುಸ್ತಕದಲ್ಲಿ ಅದರ ಬೆಲೆ ಆಗ 5,24,000. ಆದ್ದರಿಂದ 1,24,000 ನಷ್ಟ ಎಂದು ಲಾಭ ನಷ್ಟದ ಪಟ್ಟಿಗೆ ಹೋಗುತ್ತದೆ. ಆದಾಯ ತೆರಿಗೆಯಲ್ಲಿ ಒಂಟಿ ಯಂತ್ರಕ್ಕೆ ಲಾಭ ನಷ್ಟ ಇಲ್ಲ. ಬ್ಲಾಕಿನಲ್ಲಿ ಬೇರೆ ಯಂತ್ರಗಳೂ ಬಾಕಿಯೂ ಉಳಿದಿರುವ ತನಕ ಮಾರಿದ 4 ಲಕ್ಷವನ್ನು ಬ್ಲಾಕಿನ ಬಾಕಿಯಿಂದ ಕಳೆದು ಮುಂದೆ ಸಾಗುವುದು. ಪುಸ್ತಕದ 1,24,000 ನಷ್ಟವನ್ನು ಆದಾಯಕ್ಕೆ ಮರಳಿ ಸೇರಿಸಬೇಕು.

ಹೀಗಾಗಿ 2025-26ರಲ್ಲಿ ತೆರಿಗೆ ಬ್ಲಾಕ್ 43,35,000ದಿಂದ 39,35,000ಕ್ಕೆ ಇಳಿದು, ಶೇ. 15 ಅಂದರೆ 5,90,250 ಸವಕಳಿ ಹೋಗಿ, 33,44,750 ಉಳಿಯುತ್ತದೆ. ಪುಸ್ತಕದಲ್ಲಿ ಉಳಿದ 54 ಲಕ್ಷದ ಯಂತ್ರಗಳ ಮೇಲೆ 3,42,000 ಸವಕಳಿ ಹೋಗಿ 43,74,000 ಉಳಿಯುತ್ತದೆ. ಬಾಕಿಗಳ ಅಂತರ 10,29,250. ಇರಬೇಕಾದ ಡಿಟಿಎಲ್ 2,59,042. ಈ ವರ್ಷದ ಎಂಟ್ರಿ 31,272.

ಬಾಕಿ ನೋಡದೆ ಬರೀ ಸವಕಳಿಗಳ ವ್ಯತ್ಯಾಸ ಹಿಡಿದವರು ಏನು ಮಾಡುತ್ತಾರೆ? 5,90,250ರಲ್ಲಿ 3,42,000 ಕಳೆದು 2,48,250 ಎಂದು ಹಿಡಿದು 62,480 ಎಂಟ್ರಿ ಹಾಕುತ್ತಾರೆ. ಸರಿಯಾದ ಅಂಕಿಗಿಂತ 31,208 ಹೆಚ್ಚು. ಆ 31,208 ಎಲ್ಲಿಂದ ಬಂತು ಎಂದು ಹುಡುಕಿದರೆ ಸಿಗುವುದು 1,24,000 ನಷ್ಟದ ಮೇಲಿನ ಶೇ. 25.168. ಪುಸ್ತಕ ಇವತ್ತೇ ಕಳೆದುಕೊಂಡ ಆ ನಷ್ಟವನ್ನು ತೆರಿಗೆ ಲೆಕ್ಕ ಬ್ಲಾಕಿನೊಳಗೆ ಇಟ್ಟುಕೊಂಡು ನಿಧಾನವಾಗಿ ಸವಕಳಿಯಾಗಿ ಕೊಡುತ್ತದೆ. ಅದೂ ಕಾಲದ ಅಂತರವೇ. ಈ ತಪ್ಪು ಆ ವರ್ಷಕ್ಕೆ ಮುಗಿಯುವುದಿಲ್ಲ, ಡಿಟಿಎಲ್ ಬಾಕಿಯಲ್ಲಿ ಕೂತು ವರ್ಷವರ್ಷ ಮುಂದಕ್ಕೆ ಹೋಗುತ್ತದೆ. ಐದಾರು ವರ್ಷ ಹಳೆಯ ಕಂಪನಿಯ ಡಿಟಿಎಲ್ ಬಾಕಿಗೂ ಎರಡು ಸವಕಳಿ ಪಟ್ಟಿಗಳ ಅಂತರಕ್ಕೂ ಹೊಂದಾಣಿಕೆ ಆಗದಿದ್ದರೆ ಮೊದಲು ನೋಡಬೇಕಾದದ್ದು ಯಾವ ವರ್ಷ ಯಾವ ಯಂತ್ರ ಮಾರಿದರು ಎಂಬುದನ್ನು.

ಇನ್ನು ಎರಡು ವಿಷಯ ಬೇಗ ಹೇಳಿ ಮುಗಿಸಬಹುದು. ವರ್ಷದಲ್ಲಿ ಕೊಂಡ ಯಂತ್ರವನ್ನು ಆ ವರ್ಷ 180 ದಿನಕ್ಕಿಂತ ಕಡಿಮೆ ಬಳಸಿದ್ದರೆ ತೆರಿಗೆಯಲ್ಲಿ ಅರ್ಧ ದರ, ಅಂದರೆ ಶೇ. 7.5 ಮಾತ್ರ. ಸಾಮಾನ್ಯ ವರ್ಷದಲ್ಲಿ ಅಕ್ಟೋಬರ್ 3ರೊಳಗೆ ಬಳಕೆಗೆ ಬಂದರೆ ಪೂರ್ತಿ ದರ ಸಿಗುತ್ತದೆ. ಪುಸ್ತಕದಲ್ಲಿ ಹಾಗಲ್ಲ, ಬಳಕೆಗೆ ಸಿದ್ಧವಾದ ದಿನದಿಂದ ದಿನಗಣನೆ. ಹಂಗಾಮಿನ ನಡುವೆ, ಜನವರಿಯಲ್ಲಿ ಯಂತ್ರ ಹಾಕಿದವರಿಗೆ ಎರಡೂ ಅಂಕಿ ಬೇರೆಬೇರೆ ರೀತಿಯಲ್ಲಿ ಕುಗ್ಗುತ್ತವೆ. ಎರಡನೆಯದು ಪಾಳಿ. ಕಬ್ಬಿನ ಹಂಗಾಮಿನಲ್ಲಿ ಎರಡು ಪಾಳಿ ನಡೆಸಿದರೆ, ಅನುಸೂಚಿಯಲ್ಲಿ ಹೊರಗಿಟ್ಟ ಆಸ್ತಿಗಳನ್ನು ಬಿಟ್ಟು, ಅಷ್ಟು ಅವಧಿಗೆ ಪುಸ್ತಕದ ಸವಕಳಿ ಶೇ. 50 ಹೆಚ್ಚು. ನಮ್ಮ 60 ಲಕ್ಷದ ಯಂತ್ರ ಅರ್ಧ ವರ್ಷ ಎರಡು ಪಾಳಿ ಓಡಿದರೆ 3,80,000 ಬದಲು 4,75,000. ಆದಾಯ ತೆರಿಗೆಗೆ ಪಾಳಿಯ ಲೆಕ್ಕವಿಲ್ಲ. ಪಾಳಿ ರಿಜಿಸ್ಟರ್ ನೋಡದೆ ಪುಸ್ತಕದ ಸವಕಳಿ ಹಾಕಿದರೆ ಡಿಟಿಎಲ್ ಬೇಕಾದ್ದಕ್ಕಿಂತ ಹೆಚ್ಚಾಗಿ ಕಾಣುತ್ತದೆ.

ದರದ ಬಗ್ಗೆ ಒಂದು ಎಚ್ಚರ. ಹಾಕಬೇಕಾದದ್ದು ಅಂತರ ಕರಗುವಾಗ ಅನ್ವಯಿಸುವ ದರ, ಬ್ಯಾಲೆನ್ಸ್ ಶೀಟ್ ದಿನಾಂಕಕ್ಕೆ ಕಾನೂನಾಗಿರುವ ದರದ ಪ್ರಕಾರ. 115ಬಿಎಎ ಆರಿಸಿಕೊಳ್ಳದ, ಒಂದು ಕೋಟಿಯೊಳಗಿನ ಆದಾಯದ ಸಣ್ಣ ಕಂಪನಿಗೆ ಶೇ. 25 ಮತ್ತು ಸೆಸ್ ಸೇರಿ ಶೇ. 26. ಅಂಥ ಕಂಪನಿ 9,05,000 ಅಂತರ ಇಟ್ಟುಕೊಂಡು 115ಬಿಎಎಗೆ ಬಂದರೆ ಹಳೆಯ ಡಿಟಿಎಲ್ 2,35,300 ಇದ್ದದ್ದು 2,27,770 ಆಗಬೇಕು. ಕಡಿಮೆಯಾದ 7,530 ಆ ವರ್ಷದ ಲಾಭ ನಷ್ಟದ ಪಟ್ಟಿಗೇ ಬರುತ್ತದೆ. ಹಳೆಯ ಬಾಕಿಯನ್ನು ಹಳೆಯ ದರದಲ್ಲೇ ಬಿಟ್ಟು ಹೊಸ ವರ್ಷದ ವ್ಯತ್ಯಾಸಕ್ಕೆ ಮಾತ್ರ ಹೊಸ ದರ ಹಾಕುವುದು ಸರಿಯಲ್ಲ. ಮುಂದಿನ ವರ್ಷಗಳಲ್ಲಿ ಕಟ್ಟುವ ಹಣ ಎಂದು ಇವತ್ತಿನ ಮೌಲ್ಯಕ್ಕೆ ಇಳಿಸಿ ಡಿಸ್ಕೌಂಟ್ ಮಾಡುವಂತೆಯೂ ಇಲ್ಲ.

ಕೊನೆಯದಾಗಿ, ಆಸ್ತಿ ಬರೆಯುವಾಗ ಹೊಣೆ ಬರೆಯುವಾಗಿನ ಸಲೀಸು ಇಲ್ಲ. ಡಿಟಿಎಲ್ ಇದ್ದರೆ ಬರೆಯಲೇಬೇಕು. ಡಿಟಿಎ ಬರೆಯಬೇಕಾದರೆ ಅದನ್ನು ಬಳಸಿಕೊಳ್ಳುವಷ್ಟು ತೆರಿಗೆಗೆ ಒಳಪಡುವ ಆದಾಯ ಮುಂದೆ ಬರುತ್ತದೆ ಎಂಬ ಸಮಂಜಸ ಖಾತ್ರಿ ಬೇಕು. ಕಂಪನಿ ನಷ್ಟದಲ್ಲಿದ್ದು, ತೆರಿಗೆ ಲೆಕ್ಕದಲ್ಲಿ ಆದಾಯ ಸಾಲದೆ ಹೀರಿಕೊಳ್ಳಲಾಗದ ಸವಕಳಿಯೋ ಮುಂದುವರಿಸಿದ ನಷ್ಟವೋ ಇದ್ದರೆ ಮಾನದಂಡ ಇನ್ನೂ ಬಿಗಿ: ಬಹುತೇಕ ಖಚಿತ ಎನ್ನುವಷ್ಟು ಭರವಸೆ, ಅದಕ್ಕೆ ಮನವರಿಕೆಯಾಗುವ ಪುರಾವೆ. ರದ್ದು ಮಾಡಿದರೆ ಭಾರೀ ಪರಿಹಾರ ತೆರಬೇಕಾದ, ಲಾಭ ತರುವ ರಫ್ತು ಆರ್ಡರ್ ಕೈಯಲ್ಲಿದ್ದರೆ ಅದು ಪುರಾವೆ. ಬ್ಯಾಂಕಿಗೆ ಕೊಟ್ಟ ಪ್ರಾಜೆಕ್ಟ್ ರಿಪೋರ್ಟಿನ ಮುಂದಿನ ಐದು ವರ್ಷದ ಅಂದಾಜು ಪುರಾವೆಯಲ್ಲ.

ನಮ್ಮ ಬೆಲ್ಲದ ಘಟಕವೇ ಮೊದಲ ವರ್ಷ ಸವಕಳಿಗೆ ಮುಂಚೆಯೇ 3 ಲಕ್ಷ ನಷ್ಟ ಮಾಡಿದ್ದರೆ? ಪುಸ್ತಕದ ನಷ್ಟ 6,80,000. ತೆರಿಗೆ ಲೆಕ್ಕದಲ್ಲಿ 3 ಲಕ್ಷ ವ್ಯಾಪಾರ ನಷ್ಟ, 9 ಲಕ್ಷ ಹೀರಿಕೊಳ್ಳದ ಸವಕಳಿ. ಎರಡನ್ನೂ ಪೂರ್ತಿ ಡಿಟಿಎ ಮಾಡಿದರೆ 3,02,016 ಆಗುತ್ತದೆ. ಅದರಿಂದ 1,30,874 ಡಿಟಿಎಲ್ ಕಳೆದರೆ ನಿವ್ವಳ ಆಸ್ತಿ 1,71,142, ನಷ್ಟ 5,08,858ಕ್ಕೆ ಇಳಿದಂತೆ ಕಾಣುತ್ತದೆ. ಸಾಲ ಕೊಟ್ಟ ಬ್ಯಾಂಕಿನ ಎದುರು ಇದು ಚೆನ್ನಾಗಿ ಕಾಣುವುದರಿಂದ ಮಾಲೀಕರು ಒತ್ತಾಯಿಸುವುದುಂಟು. ಪುರಾವೆ ಇಲ್ಲದೆ ಆಡಿಟರ್ ಇದಕ್ಕೆ ಒಪ್ಪುವಂತಿಲ್ಲ. ಡಿಟಿಎಲ್‌ನ ಮಟ್ಟದವರೆಗೆ ಮಾತ್ರ, ಅಂದರೆ 1,30,874ರಷ್ಟು ಡಿಟಿಎ ಗುರುತಿಸಿ ಎರಡನ್ನೂ ಸರಿದೂಗಿಸುವುದು ಕಂಪನಿಗಳ ಟಿಪ್ಪಣಿಗಳಲ್ಲಿ ಸಾಮಾನ್ಯವಾಗಿ ಕಾಣುವ ದಾರಿ. ಅದರ ಹಿಂದಿನ ತರ್ಕ ಇಷ್ಟು: ಏಳನೇ ವರ್ಷದಿಂದ ಪುಸ್ತಕಕ್ಕಿಂತ ತೆರಿಗೆ ಸವಕಳಿ ಕಡಿಮೆಯಾಗಿ ಅಷ್ಟು ಆದಾಯ ತಾನಾಗಿ ಏಳುತ್ತದೆ, ಹಳೆಯ ಸವಕಳಿ ಅದರ ಎದುರು ಹೋಗುತ್ತದೆ. ಇದಕ್ಕೆ ಆಧಾರವಾಗಿ ಹಿಡಿಯಬೇಕಾದದ್ದು ಹೀರಿಕೊಳ್ಳದ ಸವಕಳಿಯನ್ನೇ, ಅದನ್ನು ಮುಂದುವರಿಸಲು ವರ್ಷದ ಮಿತಿಯಿಲ್ಲ. ವ್ಯಾಪಾರ ನಷ್ಟ ಎಂಟು ವರ್ಷಕ್ಕೆ ಕಾಲಾವಧಿ ಮುಗಿಯುತ್ತದೆ, ಆ ಹೊತ್ತಿಗೆ ಡಿಟಿಎಲ್ ಕರಗಲು ಶುರುವಾಗಿ ಮೂರು ವರ್ಷ ಆಗಿರುತ್ತದೆ, ಅಷ್ಟೇ. ಹೀಗೆ ಸರಿದೂಗಿಸಿದರೆ ಬ್ಯಾಲೆನ್ಸ್ ಶೀಟಿನ ಸಾಲು ಸೊನ್ನೆ, ಆ ವರ್ಷದ ನಷ್ಟ 6,80,000 ಹಾಗೇ ನಿಲ್ಲುತ್ತದೆ. ಉಳಿದ ನಷ್ಟದ ಮೇಲಿನ ಡಿಟಿಎ ಬರೆಯಬಹುದೇ ಎಂದು ಪ್ರತಿ ಮಾರ್ಚ್ 31ಕ್ಕೆ ಮತ್ತೆ ಪರಿಶೀಲಿಸಬೇಕು. ಒಂದು ವರ್ಷ ಬರೆಯದೆ ಬಿಟ್ಟದ್ದನ್ನು ಪುರಾವೆ ಸಿಕ್ಕ ವರ್ಷ ಬರೆಯಬಹುದು, ಬರೆದದ್ದಕ್ಕೆ ಆಧಾರ ತಪ್ಪಿದರೆ ಅಷ್ಟನ್ನು ಅದೇ ವರ್ಷ ತೆಗೆದುಹಾಕಬೇಕು.